ಎ4 ಅಳತೆ ನಾನು ನೆನಪಿಟ್ಟುಕೊಂಡಿದ್ದು ಹೀಗೆ

ನನ್ನದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಎ4ನಲ್ಲಿ ಟೈಪ್ ಮಾಡಿದ ಪುಟಗಳನ್ನು ಅರ್ಧ ಸೈಜಿನ ಪುಸ್ತಕ ಮಾಡಿಕೊಡುವ ಕೆಲಸ ನಮಗೆ ಜಾಸ್ತಿ. ಒಂದು ಎ4 ಹಾಳೆಯಲ್ಲಿ ಅಕ್ಕಪಕ್ಕ ಎರಡು ಪುಟ. ಮಷೀನಿನಲ್ಲಿ 71% ಹಾಕಿದರೆ ಎರಡೂ ಸರಿಯಾಗಿ ಕೂರುತ್ತವೆ.

ಲೀಗಲ್ ಹಾಳೆಯಲ್ಲಿ ಇದು ಆಗುವುದಿಲ್ಲ. ಅದು 8.5 x 14 ಇಂಚು. ಮಧ್ಯಕ್ಕೆ ಕತ್ತರಿಸಿದರೆ 7 x 8.5 ಸಿಗುತ್ತದೆ, ಆಕಾರವೇ ಬೇರೆ. ಉದ್ದನೆಯ ಪುಟ ಅದರಲ್ಲಿ ಹಿಡಿಯಬೇಕೆಂದರೆ ಸುಮಾರು 60%ಕ್ಕೆ ಇಳಿಸಬೇಕು. ಆಗ ಅಗಲದಲ್ಲಿ ಸುಮಾರು 5 ಇಂಚು ಮಾತ್ರ ತುಂಬುತ್ತದೆ, 2 ಇಂಚಿನಷ್ಟು ಖಾಲಿ.

ಎ4ಕ್ಕೆ ಹೀಗಾಗದಿರಲು ಕಾರಣ ಸರಳ. ಅಗಲ 1, ಉದ್ದ x ಅಂದುಕೊಳ್ಳಿ. ಉದ್ದವನ್ನು ಅರ್ಧ ಮಾಡಿದಾಗ ಹೊಸ ಅಗಲ x/2, ಹೊಸ ಉದ್ದ 1. ಆಕಾರ ಬದಲಾಗಬಾರದು ಎಂದರೆ x = 2/x ಆಗಬೇಕು. ಅಂದರೆ x² = 2, x = 1.414. ಈ ಗುಣ ಇರುವುದು ಇದೊಂದೇ ಅನುಪಾತಕ್ಕೆ. ಜರ್ಮನಿಯಲ್ಲಿ 1922ರಲ್ಲಿ ಇದೇ ಲೆಕ್ಕದಲ್ಲಿ ಎ ಸರಣಿಯನ್ನು ಗೊತ್ತುಮಾಡಿದರು.

71% ಬಂದಿದ್ದೂ ಇಲ್ಲಿಂದಲೇ: 1 ÷ 1.414. ಕೆಲವರು ಬಂದು "ಅರ್ಧ ಮಾಡಿ, 50% ಹಾಕಿ" ಎನ್ನುತ್ತಾರೆ. 50% ಹಾಕಿದರೆ ಉದ್ದವೂ ಅರ್ಧ, ಅಗಲವೂ ಅರ್ಧ. ಹಾಳೆಯ ಕಾಲು ಭಾಗದಷ್ಟು ಪುಟ ಬರುತ್ತದೆ, ಅಲ್ವಾ?

ಇನ್ನು ಅಳತೆ. ಎ0 ಹಾಳೆಯ ವಿಸ್ತೀರ್ಣ 1 ಚದರ ಮೀಟರ್, ಅಳತೆ 841 x 1189 ಮಿ.ಮೀ. ನಾನು ಈ ಎರಡು ಅಂಕಿಗಳನ್ನಷ್ಟೇ ಇಟ್ಟುಕೊಂಡಿದ್ದೇನೆ. ಪ್ರತಿ ಸಲ ದೊಡ್ಡದನ್ನು ಅರ್ಧ ಮಾಡಿ, ಉಳಿದ ಅರ್ಧ ಮಿಲಿಮೀಟರ್ ಬಿಟ್ಟುಬಿಡುತ್ತೇನೆ. 1189ರ ಅರ್ಧ 594, ಎ1 ಆಯಿತು 594 x 841. 841ರ ಅರ್ಧ 420, ಎ2 ಆಯಿತು 420 x 594. ಮುಂದೆ ಎ3 297 x 420, ಎ4 210 x 297, ಎ5 148 x 210.

ಎ4ನಿಂದ ಮೇಲಕ್ಕೆ ದುಪ್ಪಟ್ಟು ಮಾಡುತ್ತಾ ಹೋದರೆ ಎ2ವರೆಗೆ ಸರಿ. ಎ1ಕ್ಕೆ 840 ಬರುತ್ತದೆ, ನಿಜವಾದದ್ದು 841. ಇಳಿಯುವಾಗ ಬಿಟ್ಟ ಅರ್ಧಗಳು ಹತ್ತುವಾಗ ಸಿಗುವುದಿಲ್ಲ. ದೊಡ್ಡ ಪೋಸ್ಟರ್ ಕೆಲಸಕ್ಕೆ ಅದಕ್ಕೇ ಎ0ಯಿಂದಲೇ ಶುರು ಮಾಡುತ್ತೇನೆ.

ಒಂದು ರೀಮಿನ ತೂಕವೂ ಇದರಿಂದ ತಿಳಿಯುತ್ತದೆ. ಎ0ಯಲ್ಲಿ ಎ4 ಹಾಳೆ 16. 70 ಜಿಎಸ್‌ಎಂ ಎಂದರೆ ಚದರ ಮೀಟರಿಗೆ 70 ಗ್ರಾಂ. 500 ಹಾಳೆಗೆ 70 x 500 ÷ 16, ಸುಮಾರು 2.2 ಕೆ.ಜಿ. ಹೊಸ ಸ್ಟಾಕ್ ಬಂದಾಗ ಒಂದು ರೀಮ್ ತಕ್ಕಡಿಗೆ ಹಾಕುತ್ತೇನೆ. ತೀರಾ ಕಡಿಮೆ ಬಂದರೆ ಹಾಳೆ ತೆಳುವು, ಇಲ್ಲವೇ ಎಣಿಕೆ ಕಮ್ಮಿ.

ಸ್ಕೇಲ್ ಕೈಗೆ ಸಿಗದಿದ್ದರೆ ಹಾಳೆಯ ಒಂದು ಮೂಲೆಯನ್ನು ಎದುರು ಅಂಚಿಗೆ ಓರೆಯಾಗಿ ಮಡಚಿ, ಚೌಕದ ಮಡಿಕೆ ಬರುವಂತೆ. ಆ ಓರೆ ಗೆರೆ ಅಗಲದ 1.414 ಪಟ್ಟು. ಅದನ್ನು ಅದೇ ಕಟ್ಟಿನ ಇನ್ನೊಂದು ಹಾಳೆಯ ಉದ್ದಕ್ಕೆ ಹಿಡಿದು ನೋಡಿ. ಎ ಸರಣಿಯಾದರೆ ಎರಡೂ ಸಮ. ಲೀಗಲ್ ಆದರೆ ಹಾಳೆಯ ಉದ್ದ ಗೆರೆಗಿಂತ 2 ಇಂಚು ಜಾಸ್ತಿ, ಅಮೆರಿಕದ ಲೆಟರ್ ಸೈಜಾದರೆ 1 ಇಂಚು ಕಡಿಮೆ.