ವೆಂಕಟರಮಣನ ಹೆಸರಲ್ಲಿ ಆರು ಸಾಲು

ಶ್ರಾವಣ ಶನಿವಾರಕ್ಕೆ ನಮ್ಮೂರ ವೆಂಕಟರಮಣನ ಗುಡಿಯ ಬೋರ್ಡಿನಲ್ಲಿ ಪ್ರತಿ ವರ್ಷ ಪೂಜೆಯ ಸಮಯ ಮಾತ್ರ ಬರೆಯುತ್ತಿದ್ದೆ. ಕಳೆದ ವರ್ಷ ಅರ್ಚಕರು, "ದೇವರ ಹೆಸರಿನ ಒಂದೊಂದು ಅಕ್ಷರಕ್ಕೆ ಒಂದೊಂದು ಸಾಲು ಕಟ್ಟಿ ಬರೀರಿ" ಎಂದರು. ನ, ಮ, ಶಿ, ವಾ, ಯ ಎಂದು ಒಂದೊಂದು ಅಕ್ಷರದಿಂದ ಶ್ಲೋಕ ಶುರುವಾಗುವ ಶಿವ ಪಂಚಾಕ್ಷರ ಸ್ತೋತ್ರ ಗೊತ್ತಿತ್ತು. ಸುಲಭ ಎಂದುಕೊಂಡು ಒಪ್ಪಿಕೊಂಡೆ.

ಮೊದಲು ಹೆಸರನ್ನು ಬಿಡಿಸಿದೆ: ವೆಂ, ಕ, ಟ, ರ, ಮ, ಣ. ಸೊನ್ನೆ ಹಿಂದಿನ ಅಕ್ಷರಕ್ಕೇ ಸೇರುತ್ತದೆ, ಹಾಗಾಗಿ ಆರೇ ಸಾಲು. ಭಜನೆಗೆ ಒಗ್ಗಲಿ ಅಂತ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗುಂಪು ಇಟ್ಟುಕೊಂಡೆ. ಕೊನೆಯ ಗುಂಪಿನಲ್ಲಿ ಒಂದು ಮಾತ್ರೆ ಕಮ್ಮಿಯಾದರೆ ಹಾಡುವಾಗ ಎಳೆದರಾಯಿತು.

ವೆಂ, ಕ, ರ, ಮ ಒಂದೇ ಸಂಜೆಗೆ ಮುಗಿದವು. ಸಿಕ್ಕಿಕೊಂಡಿದ್ದು ಟ. ಟಗರು ಬಿಟ್ಟರೆ ನನಗೆ ಏನೂ ಹೊಳೆಯಲಿಲ್ಲ. ಟಗರಿಗೂ ತಿಮ್ಮಪ್ಪನಿಗೂ ಏನು ಸಂಬಂಧ! ಎರಡು ದಿನ ಒದ್ದಾಡಿ, ಬೆಳಿಗ್ಗೆ ಗರ್ಭಗುಡಿಯ ಮುಂದೆ ಸುಮ್ನೆ ನಿಂತಿದ್ದಾಗ ಮೂರ್ತಿಯ ಎಡಗೈ ಕಣ್ಣಿಗೆ ಬಿತ್ತು. ಅದು ಸೊಂಟದ ಮೇಲಿದೆ, ಅಲ್ವಾ? ಸೊಂಟ ಅಂದರೆ ಟೊಂಕ! ಪದಕೋಶಕ್ಕಿಂತ ಮೂರ್ತಿಯನ್ನೇ ಮೊದಲು ನೋಡಬೇಕಿತ್ತು.

ಇನ್ನು ಣ. ಕನ್ನಡದಲ್ಲಿ ಣ-ದಿಂದ ಶುರುವಾಗುವ ಪದ ಹುಡುಕುವುದೇ ದಂಡ. ಅದಕ್ಕೆ ಆ ಅಕ್ಷರವನ್ನು ಸಾಲಿನ ಕೊನೆಗೆ ಹಾಕಿದೆ. ಶರಣ, ಕಾರಣ, ಚರಣ ಎಲ್ಲ ಣ-ದಲ್ಲೇ ಮುಗಿಯುತ್ತವೆ. ಹೆಸರಿನಲ್ಲೂ ಅದು ಕೊನೆಯ ಅಕ್ಷರವೇ ಆದ್ದರಿಂದ ಕೃತಕ ಅನ್ನಿಸಲಿಲ್ಲ.

ವೆಂಕಟಗಿರಿಯಲಿ ನೆಲೆಸಿದ ದೇವಾ
ಕಮಲದ ಕಣ್ಣಲಿ ಕರುಣೆಯ ತೋರೋ
ಟೊಂಕದ ಮೇಲಿನ ಎಡಗೈ ಚೆಂದ
ರಮೆಯನು ಎದೆಯಲಿ ಧರಿಸಿದ ದೊರೆಯೇ
ಮನೆಮನೆ ದೀಪವ ಬೆಳಗಿಸು ತಂದೆ
ಹಿಡಿದೆವು ಬಿಡೆವೋ ನಿನ್ನಯ ಚರಣ

ನಾಲ್ಕನೇ ಸಾಲನ್ನು ಮೊದಲು "ಧರಿಸಿದ ಸ್ವಾಮೀ" ಎಂದು ಮುಗಿಸಿದ್ದೆ. ಕೈತಾಳ ಹಾಕಿ ಹೇಳಿದಾಗ ಅಲ್ಲೇ ಎಡವುತ್ತಿತ್ತು. ಒತ್ತಕ್ಷರ "ಸ್ವಾ" ತನ್ನ ಹಿಂದಿನ "ದ"ವನ್ನು ಭಾರ ಮಾಡುತ್ತಿತ್ತು. "ದೊರೆಯೇ" ಹಾಕಿದ ಮೇಲೆ ಸರಿಹೋಯಿತು. ಕಣ್ಣಲ್ಲಿ ಓದಿದರೆ ಈ ತಪ್ಪು ಗೊತ್ತಾಗುವುದಿಲ್ಲ, ತಾಳ ಹಾಕಿಯೇ ನೋಡಬೇಕು.

ಬೋರ್ಡಿನಲ್ಲಿ ಹೆಸರಿನ ಅಕ್ಷರಗಳಿಗೆ ಕೆಂಪು ಸೀಮೆಸುಣ್ಣ, ಉಳಿದದ್ದಕ್ಕೆ ಬಿಳಿ. ಮೊದಲ ಶನಿವಾರವೇ ಒಬ್ಬ ಹುಡುಗ ಮೇಲಿನಿಂದ ಕೆಳಗೆ ಜೋರಾಗಿ ಓದಿದ: "ವೆಂಕಟೊರಮಹಿ!" ಟೊಂಕದ "ಟೊ" ಕೆಂಪಾಗಿತ್ತು. ಕೊನೆಯ ಸಾಲಿನಲ್ಲಿ "ಣ" ಬಲತುದಿಯಲ್ಲಿದ್ದರೂ ಅವನು ಎಡಗಡೆಯ "ಹಿ"ಯನ್ನೇ ಓದಿದ್ದ. ಸರದಿಯಲ್ಲಿ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ.

ಮುಂದಿನ ವಾರ ಕವಿತೆ ಬದಲಿಸಲಿಲ್ಲ, ಬರೆಯುವ ರೀತಿ ಬದಲಿಸಿದೆ. ಎಡಬದಿಗೆ ಗೆರೆ ಎಳೆದು, ಅದರಾಚೆ ವೆಂ, ಕ, ಟ, ರ, ಮ, ಣ ಎಂದು ಒಂದರ ಕೆಳಗೊಂದು ದಪ್ಪಗೆ ಕೆಂಪಿನಲ್ಲಿ ಬರೆದೆ. ಸಾಲುಗಳು ಪೂರ್ತಿ ಬಿಳಿ, ಕೊನೆಯ "ಣ" ಒಂದು ಮಾತ್ರ ಕೆಂಪು. ಆ ಹುಡುಗ ಮತ್ತೆ ಬಂದು ಓದಿದ. ಈ ಸಲ ಹೆಸರು ಸರಿಯಾಗಿ ಬಂತು.