ಬಾಡಿಗೆದಾರರಿಗೆ ದೀಪಾವಳಿಯ ಶುಭಾಶಯ: ಬೇಡಿಕೆಯ ಪಟ್ಟಿ ಬಾರದಂತೆ ಬರೆದ ನನ್ನ ಅನುಭವ

ಬೆಂಗಳೂರಿನಲ್ಲಿ ಎಂಟು ಮನೆಗಳ ಒಂದು ಕಟ್ಟಡವನ್ನು ಬಾಡಿಗೆಗೆ ಕೊಟ್ಟು ನಡೆಸುತ್ತಿರುವ ನನಗೆ, ಹಬ್ಬದ ದಿನ ಬಾಡಿಗೆದಾರರಿಗೆ ಸಂದೇಶ ಕಳುಹಿಸುವುದು ಬೇಡ, ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ ಎಂದು ಹೇಳಿದವರೇ ಹೆಚ್ಚು. ಅವರ ಮಾತಿಗೆ ಆಧಾರವೂ ಇತ್ತು. ಮೊದಲ ವರ್ಷ ಎಲ್ಲರೂ ಇರುವ ವಾಟ್ಸಾಪ್ ಗುಂಪಿನಲ್ಲಿ ಶುಭಾಶಯ ಹಾಕಿ, ಕೊನೆಗೆ ಸೌಜನ್ಯಕ್ಕೆಂದು "ಏನೇ ಬೇಕಿದ್ದರೂ ತಿಳಿಸಿ" ಎಂದು ಸೇರಿಸಿದ್ದೆ. ಮಧ್ಯಾಹ್ನದೊಳಗೆ ಒಬ್ಬರು ಕಿಟಕಿಗೆ ಸೊಳ್ಳೆ ಪರದೆ ಕೇಳಿದರು, ಇನ್ನೊಬ್ಬರು "ನಮಗೂ" ಎಂದರು, ಮೂರನೆಯವರು ಎರಡನೆಯ ಕಾರಿಗೆ ಜಾಗ ಕೇಳಿದರು. ಪರದೆಗಳಿಗೇ ಸುಮಾರು 18 ಸಾವಿರ ರೂಪಾಯಿ ಖರ್ಚಾಯಿತು.

ಮರುವರ್ಷ ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ದೀಪದ ಚಿತ್ರವೊಂದನ್ನು ಕಳುಹಿಸಿದೆ. ನನ್ನ ನಂಬರನ್ನು ಉಳಿಸಿಕೊಳ್ಳದ ಇಬ್ಬರಿಗೆ ಅದು ತಲುಪಲೇ ಇಲ್ಲ, ತಲುಪಿದವರಿಗೂ ಅದು ಎಲ್ಲಿಂದಲೋ ಬಂದ ಫಾರ್ವರ್ಡ್ ಆಗಿ ಕಂಡಿತು. ನಡುವೆ ಒಂದು ವರ್ಷ ಕಾಲು ಕೆಜಿ ಸಿಹಿಯ ಡಬ್ಬಿ ಹಂಚಿ ನೋಡಿದ್ದೂ ಉಂಟು. ಮುಂದಿನ ವರ್ಷ ಕೊಡದಿದ್ದಾಗ "ಈ ಸಲ ಸ್ವೀಟ್ ಇಲ್ಲವೇ ಸಾರ್" ಎಂಬ ಪ್ರಶ್ನೆ ಬಂದ ಮೇಲೆ ಅದನ್ನು ಕೈಬಿಟ್ಟು, ಹೇಗೂ ಎಲ್ಲರಿಗೂ ಬೀರುವ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಸೀಮಿತಗೊಳಿಸಿದೆ.

ಈಗ ಮೂರು ವರ್ಷಗಳಿಂದ ಫಲ ಕೊಡುತ್ತಿರುವ ಕ್ರಮ ಶುರುವಾಗುವುದು ಹಬ್ಬಕ್ಕೆ ಎರಡು ವಾರ ಮೊದಲು. "ಶನಿವಾರ ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಬರುತ್ತಾರೆ, ಕೆಲಸವಿದ್ದರೆ ಗುರುವಾರದೊಳಗೆ ಬರೆದು ಕಳುಹಿಸಿ" ಎಂದಷ್ಟೇ ತಿಳಿಸುತ್ತೇನೆ. ಸೋರುವ ನಲ್ಲಿ, ಸಡಿಲವಾದ ಸ್ವಿಚ್ಚುಗಳೆಲ್ಲ ಆಗಲೇ ಮುಗಿದುಹೋಗುವುದರಿಂದ ಹಬ್ಬದ ದಿನಕ್ಕೆ ನ್ಯಾಯವಾದ ದೂರು ಬಹಳ ಉಳಿಯುವುದಿಲ್ಲ. ಇದಕ್ಕೆ ಮೂರು-ನಾಲ್ಕು ಸಾವಿರ ಆಗುತ್ತದೆ. ಈ ದುರಸ್ತಿಯನ್ನು ತಪ್ಪಿಸಿ ಬರೀ ಸಂದೇಶದಿಂದ ಒಳ್ಳೆಯವರಾಗಲು ಹೊರಟರೆ ಕೆಲಸ ಕೆಡುತ್ತದೆ.

ಎರಡನೆಯದು ನೀರು. ನೀರು ತುಂಬುವ ಹಬ್ಬದ ಸಂಜೆ ಹಂಡೆಗಳಿಗೆ ನೀರು ತುಂಬುತ್ತಾರೆ, ಮರುದಿನ ನರಕ ಚತುರ್ದಶಿಯ ಬೆಳಗಿನ ಜಾವ ಹೆಚ್ಚಿನ ಮನೆಯವರು ಏಕಕಾಲಕ್ಕೆ ಎಣ್ಣೆ ಸ್ನಾನಕ್ಕೆ ಇಳಿಯುತ್ತಾರೆ. ಆ ಹೊತ್ತಿಗೆ ಮೇಲಿನ ಟ್ಯಾಂಕು ಬರಿದಾದರೆ ಎಷ್ಟು ಚಂದದ ಶುಭಾಶಯವೂ ವ್ಯರ್ಥ. ಆದ್ದರಿಂದ ಹಿಂದಿನ ವಾರವೇ ಸಂಪು, ಟ್ಯಾಂಕು ತೊಳೆಸಿ, ಕಾವೇರಿ ನೀರಿನ ಸರದಿ ನೋಡಿಕೊಂಡು, ಅಗತ್ಯವಿದ್ದರೆ ಒಂದು ಟ್ಯಾಂಕರ್ ಹಾಕಿಸುತ್ತೇನೆ.

ಸಂದೇಶವನ್ನು ಬೆಳಿಗ್ಗೆ ಎಂಟರ ಹೊತ್ತಿಗೆ ಒಬ್ಬೊಬ್ಬರಿಗೂ ಬೇರೆಯಾಗಿ ಕಳುಹಿಸುತ್ತೇನೆ. ಮಾದರಿ ಹೀಗಿದೆ:

"ನಮಸ್ಕಾರ. ನಿಮಗೂ ಮನೆಯವರೆಲ್ಲರಿಗೂ ದೀಪಾವಳಿಯ ಶುಭಾಶಯಗಳು. ಹಬ್ಬಕ್ಕೆಂದು ಸಂಪು ಮತ್ತು ಟ್ಯಾಂಕು ತೊಳೆಸಿ ನೀರು ತುಂಬಿಸಿದ್ದೇವೆ. ಮಗಳ ಎಸ್ಸೆಸ್ಸೆಲ್ಸಿ ಓದು ಚೆನ್ನಾಗಿ ಸಾಗಲಿ. ನಮ್ಮ ಮನೆಯವರೆಲ್ಲರ ಪರವಾಗಿ."

ಇದರಲ್ಲಿ ಪ್ರಶ್ನೆಯಿಲ್ಲ, "ತಿಳಿಸಿ" ಎಂಬ ಮಾತಿಲ್ಲ, ಮುಂದೆ ಮಾಡಿಸುವ ಕೆಲಸದ ಸುಳಿವೂ ಇಲ್ಲ. "ಹೊಸ ವರ್ಷದಲ್ಲಿ ಸೌಕರ್ಯ ಹೆಚ್ಚಿಸುತ್ತೇವೆ" ಎಂದು ಬರೆದ ನನ್ನ ಗೆಳೆಯರೊಬ್ಬರು ಈಗಲೂ ಲಿಫ್ಟಿನ ಬಗ್ಗೆ ಉತ್ತರ ಕೊಡುತ್ತಿದ್ದಾರೆ. ಮುಗಿದ ಕೆಲಸವನ್ನು ಹೇಳುವಾಗಲೂ ಅದು ಎಲ್ಲರಿಗೂ ಸೇರಿದ್ದಾಗಿರಬೇಕು. ಒಂದು ಮನೆಗೆ ಬಣ್ಣ ಹೊಡೆಸಿದ್ದನ್ನು ಬರೆದರೆ ಉಳಿದ ಏಳು ಮನೆಗಳ ಗೋಡೆಗಳೂ ಆ ದಿನವೇ ಹಳೆಯದಾಗುತ್ತವೆ. ಮಗಳ ಓದಿನಂಥ ಸಾಲು ಮಾತ್ರ ಆಯಾ ಮನೆಗೆ ತಕ್ಕಂತೆ ಬದಲಾಗುತ್ತದೆ, ಅದನ್ನು ನೆನಪಿಡಲು ನನ್ನ ಹೆಂಡತಿಯ ಸಹಾಯ ಬೇಕು. ಬಾಡಿಗೆ, ಕರೆಂಟು ಬಿಲ್ಲು, ಪಟಾಕಿಯ ನಿಯಮ ಯಾವುದನ್ನೂ ಇಲ್ಲಿ ತುರುಕುವುದಿಲ್ಲ. ಹಬ್ಬ ಬಾಡಿಗೆ ಕೊಡುವ ಒಂದರಿಂದ ಐದನೇ ತಾರೀಕಿನ ನಡುವೆ ಬಂದರೆ ಬಾಡಿಗೆಯ ನೆನಪೋಲೆಯನ್ನು ಎರಡು ದಿನ ತಡೆಹಿಡಿಯುತ್ತೇನೆ.

ಇಷ್ಟಾದರೂ "ನಿಮಗೂ ಶುಭಾಶಯ ಸಾರ್, ಹಾಗೇ ಗೀಸರ್..." ಎಂದು ಬರೆಯುವವರು ಒಬ್ಬಿಬ್ಬರು ಇರುತ್ತಾರೆ. ನೀರು ಸೋರಿಕೆ, ವಿದ್ಯುತ್ ಕಡಿತವಾದರೆ ಆಗಲೇ ಓಡುತ್ತೇನೆ. ಉಳಿದದ್ದಕ್ಕೆ ಆ ದಿನ ಶುಭಾಶಯಕ್ಕಷ್ಟೇ ಪ್ರತಿ ನಮಸ್ಕಾರ ಹೇಳಿ, ದೂರನ್ನು ಪುಸ್ತಕದಲ್ಲಿ ಬರೆದುಕೊಂಡು, ಹಬ್ಬ ಕಳೆದ ಮೇಲೆ ಬೇರೆಯಾಗಿ ಉತ್ತರಿಸುತ್ತೇನೆ.

ಲೆಕ್ಕದ ಮಾತಿಗೆ ಬಂದರೆ, ಒಂದು ಮನೆಯ ಬಾಡಿಗೆ ಸುಮಾರು 16 ಸಾವಿರ, ಎರಡು ತಿಂಗಳು ಖಾಲಿ ಬಿದ್ದರೆ 32 ಸಾವಿರ ಹೋದಂತೆ. ಮೊದಲು ವರ್ಷಕ್ಕೆ ಎರಡು ಮನೆಯಾದರೂ ಖಾಲಿಯಾಗುತ್ತಿದ್ದವು. ಈ ಮೂರು ವರ್ಷಗಳಲ್ಲಿ ಖಾಲಿಯಾದದ್ದು ಒಂದೇ, ಅದೂ ವರ್ಗಾವಣೆಯಿಂದ. ಹನ್ನೊಂದು ತಿಂಗಳ ಕರಾರು ಮುಗಿದಾಗ ಶೇ 5ರ ಏರಿಕೆಗೆ ಹೆಚ್ಚಿನವರು ಚೌಕಾಸಿ ಮಾಡದೆ ಒಪ್ಪಿದರು. ಇದೆಲ್ಲ ಸಂದೇಶದಿಂದಲೇ ಆಯಿತೆಂದು ಹೇಳಲಾರೆ, ಆದರೆ ಸಲಿಗೆ ಕೊಡಬೇಡ ಎಂದವರೇ ಈಗ ಮಾದರಿ ಕಳುಹಿಸೆಂದು ಕೇಳುತ್ತಿದ್ದಾರೆ.

ರಂಜಾನ್, ಕ್ರಿಸ್ಮಸ್ ಆಚರಿಸುವ ಮನೆಗಳಿಗೂ ಇದೇ ಅಳತೆಯ ಸಂದೇಶ ಅವರ ಹಬ್ಬದ ದಿನವೇ ಹೋಗುತ್ತದೆ. ಹಬ್ಬದ ತಿಂಗಳಲ್ಲೇ ಕರಾರು ಮುಗಿಯುವವರಿಗೆ ನಾನು ಬರೆಯುವ ಸಾಲೊಂದು ಬೇರೆ ಇದೆ. ನನ್ನ ಬಾಡಿಗೆದಾರರೂ ಇದನ್ನು ಓದಬಹುದಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.