ನೀಟ್‌ಗೆ ಗೋಡೆ ಗಡಿಯಾರದ ಲೆಕ್ಕ

ಅಣಕು ಪರೀಕ್ಷೆಗಳಲ್ಲಿ ಭೌತಶಾಸ್ತ್ರ ಮುಗಿಯುವ ಮೊದಲೇ ಗಂಟೆ ಬಾರಿಸುತ್ತಿತ್ತು. 180 ಪ್ರಶ್ನೆ, 180 ನಿಮಿಷ. ಆದರೆ ಪ್ರಶ್ನೆಗೊಂದು ನಿಮಿಷ ಎಂಬ ಸಮಪಾಲು ನನಗೆ ಹೊಂದಲಿಲ್ಲ. ಪರೀಕ್ಷಾ ಕೊಠಡಿಗೆ ಕೈಗಡಿಯಾರ ಒಯ್ಯುವಂತಿಲ್ಲವಾದ್ದರಿಂದ, ತುಮಕೂರಿನ ನಮ್ಮ ಮನೆಯಲ್ಲೂ ಗೋಡೆ ಗಡಿಯಾರವನ್ನೇ ನೋಡುತ್ತ ಮಧ್ಯಾಹ್ನ 2ಕ್ಕೆ ಅಭ್ಯಾಸಕ್ಕೆ ಕುಳಿತೆ. ಜೀವಶಾಸ್ತ್ರದ 90 ಪ್ರಶ್ನೆಗಳಿಗೆ 2:50ರವರೆಗೆ, ರಸಾಯನಶಾಸ್ತ್ರಕ್ಕೆ 3:40, ಭೌತಶಾಸ್ತ್ರಕ್ಕೆ 4:40. ಪುಟ ಮುಗಿದಂತೆಲ್ಲ ಓಎಂಆರ್ ತುಂಬುವುದೂ ಇದರಲ್ಲೇ ಸೇರಿತ್ತು.

ಲೆಕ್ಕ ಓದಿ ಒಂದು ನಿಮಿಷದಲ್ಲಿ ಯಾವ ಸೂತ್ರ ಬೇಕೆಂದು ಹೊಳೆಯದಿದ್ದರೆ ಸುತ್ತು ಹಾಕಿ ಮುಂದೆ ಹೋಗುವುದು. ಅರ್ಧ ಬಿಡಿಸಿದ್ದಾಗಲೇ ಇದು ಕಷ್ಟ. ಸಾಲ ಕೊಟ್ಟವನಂತೆ ಅದು ಹಿಂದಿನಿಂದ ಕರೆಯುತ್ತದೆ! ಸಿಕ್ಕಿಬಿದ್ದ ಲೆಕ್ಕಗಳಿಗೇ ಕೊನೆಯ 20 ನಿಮಿಷ. ಆಗಲೂ ಬಗೆಹರಿಯದ್ದನ್ನು ಖಾಲಿ ಬಿಡುತ್ತಿದ್ದೆ, ತಪ್ಪುತ್ತರಕ್ಕೆ ಒಂದು ಅಂಕ ಹೋಗುತ್ತದಲ್ಲ.